ಮೂರು ಡಬ್ಬಿ ಕ್ರಿಯೇಟಿನ್, ಕೊನೆಗೆ ಉಳಿದದ್ದು ಮೊನೊಹೈಡ್ರೇಟ್

ಕಸರತ್ತಿಗೆ ಬಲ ಸಿಗಲಿ ಅಂತ ತಗೊಳ್ಳುವ ಕ್ರಿಯೇಟಿನ್ ಪುಡಿಯಲ್ಲಿ ನಾನು ಮೊನೊಹೈಡ್ರೇಟ್ ಅನ್ನುವ ಬಗೆಗೆ ವಾಪಸ್ ಬಂದಾಗ ಉಡುಪಿಯ ನಮ್ಮ ಜಿಮ್ಮಿನ ಹುಡುಗರು ಒಪ್ಪಲೇ ಇಲ್ಲ. "ಅಣ್ಣ, ಅದು ಹಳೇದು. ನೀರಲ್ಲಿ ಕರಗುವುದೂ ಇಲ್ಲ" ಅಂದರು. ಈಗ ಅವರೆಲ್ಲ ಅದನ್ನೇ ತಗೊಳ್ತಾರೆ.

ಮೊದಲು ನಾನು ದುಡ್ಡು ಕಳಕೊಂಡದ್ದು ಕ್ರಿಯೇಟಿನ್ ಈಥೈಲ್ ಎಸ್ಟರ್ ಕ್ಯಾಪ್ಸೂಲಿಗೆ. ಎರಡು ತಿಂಗಳಿಗೆ ಸುಮಾರು 3,000 ರೂಪಾಯಿ ಹೋಯಿತು. ಸ್ನಾಯುವಿನೊಳಗೆ ಸಲೀಸಾಗಿ ನುಗ್ಗುತ್ತದೆ ಅಂತ ಅದನ್ನು ಮಾರುತ್ತಿದ್ದರು. ಸ್ಕ್ವಾಟ್ ಒಂದು ಕಿಲೋ ಏರಲಿಲ್ಲ. ಬೇರೆ ಕಾರಣಕ್ಕೆ ರಕ್ತ ಪರೀಕ್ಷೆ ಮಾಡಿಸಿದೆ, ಕ್ರಿಯೇಟಿನಿನ್ 1.7ರ ಹತ್ತಿರ ಬಂತು. ಡಾಕ್ಟರು ಕಿಡ್ನಿ ಬಗ್ಗೆ ಕೇಳಿದಾಗ ಮನೆಯಲ್ಲಿ ಎಲ್ಲರೂ ಹೆದರಿದರು. ಕ್ಯಾಪ್ಸೂಲ್ ಬಿಟ್ಟು ಮೂರು ವಾರಕ್ಕೆ 1.1ಕ್ಕೆ ಇಳಿಯಿತು.

ಎಸ್ಟರ್ ಹೊಟ್ಟೆ, ರಕ್ತ ದಾಟುವಷ್ಟರಲ್ಲೇ ಬಹುಪಾಲು ಕ್ರಿಯೇಟಿನಿನ್ ಆಗಿಬಿಡುತ್ತದೆ. ಅದು ಸ್ನಾಯುವಿಗೆ ಬೇಡದ ಕಸ, ಮೂತ್ರದಲ್ಲಿ ಹೋಗುತ್ತದೆ. 2009ರಲ್ಲಿ ಪ್ರಕಟವಾದ ಸುಮಾರು ಏಳು ವಾರಗಳ ಪ್ರಯೋಗದಲ್ಲೂ ಎಸ್ಟರ್ ತಗೊಂಡವರ ರಕ್ತದಲ್ಲಿ ಕ್ರಿಯೇಟಿನಿನ್ ಏರಿತ್ತು, ಶಕ್ತಿಯಲ್ಲಿ ಹೆಚ್ಚುವರಿ ಲಾಭ ಸಿಗಲಿಲ್ಲ. ಮೊನೊಹೈಡ್ರೇಟ್ ತಗೊಂಡರೂ ಈ ಅಂಕಿ ಸ್ವಲ್ಪ ಏರಬಹುದು. ಪರೀಕ್ಷೆಗೆ ಮೊದಲೇ ಡಾಕ್ಟರಿಗೆ ಹೇಳಿ. ಕಿಡ್ನಿ ತೊಂದರೆ ಇದ್ದವರು ಅವರನ್ನು ಕೇಳದೆ ಮುಟ್ಟಬೇಡಿ.

ಆಮೇಲೆ ತಂದದ್ದು ಕ್ರಿಯೇಟಿನ್ ಹೈಡ್ರೋಕ್ಲೋರೈಡ್. ಎರಡು ಗ್ಲಾಸ್ ತಣ್ಣೀರಿಟ್ಟು ನೋಡಿದೆ. ಅದು ಪೂರ್ತಿ ಕರಗಿತು, ಮೊನೊಹೈಡ್ರೇಟ್ ತಳದಲ್ಲಿ ಮರಳಿನ ಹಾಗೆ ಕೂತಿತು. ಎಲ್ಲರೂ ಮೋಸ ಹೋಗುವುದು ಇಲ್ಲೇ. ಗ್ಲಾಸಿನಲ್ಲಿ ಕರಗುವುದು ಬೇರೆ, ಮೈಗೆ ಹತ್ತುವುದು ಬೇರೆ. ತಳದ ಪುಡಿಯನ್ನೂ ಕುಡಿದರೆ ಮೊನೊಹೈಡ್ರೇಟ್ ಹೆಚ್ಚುಕಡಿಮೆ ಎಲ್ಲವೂ ರಕ್ತಕ್ಕೆ ಸೇರುತ್ತದೆ. ಹೊಟ್ಟೆಗೆ ಹೋದ ಮೇಲೆ ಎರಡೂ ಒಂದೇ ಕ್ರಿಯೇಟಿನ್.

ಲೆಕ್ಕ ಹಾಕಿದೆ. ಹೈಡ್ರೋಕ್ಲೋರೈಡಿನ ಸ್ಕೂಪು ಒಂದೂವರೆ ಗ್ರಾಂ, ಅದರಲ್ಲಿ ಕ್ರಿಯೇಟಿನ್ ನೂರಕ್ಕೆ 78, ಅಂದರೆ 1.2 ಗ್ರಾಂ ಕೂಡ ಇಲ್ಲ. 60 ಸ್ಕೂಪಿನ ಡಬ್ಬಿಗೆ ನಾನು ಕೊಟ್ಟದ್ದು 1,400. ಗ್ರಾಂ ಕ್ರಿಯೇಟಿನಿಗೆ 20 ರೂಪಾಯಿ ಬಿತ್ತು. ಮೊನೊಹೈಡ್ರೇಟಿನಲ್ಲಿ ನೂರಕ್ಕೆ 88. ಕಾಲು ಕಿಲೋಗೆ 650 ಕೊಟ್ಟ ನೆನಪು, ಗ್ರಾಂಗೆ ಮೂರೇ ರೂಪಾಯಿ.

ನಾನು ಮೊನೊಹೈಡ್ರೇಟ್ ದಿನಕ್ಕೆ 4 ಗ್ರಾಂ ತಗೊಂಡೆ, ಮೊದಲ ಕೆಲವು ದಿನ ಜಾಸ್ತಿ ತಗೊಳ್ಳುವ ಲೋಡಿಂಗ್ ಇಲ್ಲದೆ. ಒಬ್ಬ ಹುಡುಗ ಒಂದೇ ಸಲ 10 ಗ್ರಾಂ ಕುಡಿದು ಬೇಧಿ ಮಾಡಿಕೊಂಡಿದ್ದ. ನಿಧಾನಕ್ಕೆ ಹೋದರೂ ನಾಲ್ಕು ವಾರದಲ್ಲಿ ಸ್ನಾಯು ತುಂಬುತ್ತದೆ. 110 ಕಿಲೋ ಸ್ಕ್ವಾಟ್ 5 ಸಲದಿಂದ 7ಕ್ಕೆ ಬಂತು, ತೂಕ ಒಂದೂವರೆ ಕಿಲೋ ಏರಿತು. ತೂಕದಲ್ಲಿ ನೀರೂ ಸೇರಿದೆ.

ಬಂಗುಡೆ, ಬೂತಾಯಿ ತಿನ್ನುವ ನನಗಿಂತ ಶುದ್ಧ ಸಸ್ಯಾಹಾರಿ ಗೆಳೆಯನಿಗೆ ಜಾಸ್ತಿ ಲಾಭ ಸಿಕ್ಕಿತು. ಮೀನಿನಲ್ಲಿ ಕ್ರಿಯೇಟಿನ್ ಇದೆ, ಅವನ ಸ್ನಾಯುವಿನಲ್ಲಿ ಅದು ಮೊದಲೇ ಕಡಿಮೆ ಇತ್ತು ಅಲ್ವಾ.

ಕರಗುವುದೇ ಬೇಕೆಂದರೆ ಉಗುರುಬೆಚ್ಚಗಿನ ಗಂಜಿತಿಳಿಯಲ್ಲಿ ಕಲಸಿ, ಕೂಡಲೇ ಕುಡಿಯಿರಿ. ನೆನೆಸಿಟ್ಟರೆ ದಿನ ಕಳೆದಂತೆ ಕ್ರಿಯೇಟಿನಿನ್ ಆಗುತ್ತಾ ಹೋಗುತ್ತದೆ. ಆಟಿ ಮಳೆಯಲ್ಲಿ ಪುಡಿ ಗಟ್ಟಿಯಾಗದ ಹಾಗೆ ಡಬ್ಬಿಯಲ್ಲಿ ಏನಿಡುತ್ತೇನೆ ಅನ್ನುವುದನ್ನು ಜಿಮ್ಮಿಗೆ ಬಂದವರಿಗೆ ಮಾತ್ರ ತೋರಿಸುತ್ತೇನೆ.