ಕಿರುಬೆರಳ ಸಂದಿಯ ತುರಿಕೆ ನಿಂತದ್ದು ಹೀಗೆ

ಫ್ಯಾಕ್ಟರಿಯಲ್ಲಿ ದಿನಕ್ಕೆ 9 ಗಂಟೆ ಸೇಫ್ಟಿ ಶೂ. ಕಾಲಿನ ಕಿರುಬೆರಳ ಸಂದಿಯಲ್ಲಿ ಚರ್ಮ ನೆನೆದ ಅವಲಕ್ಕಿಯ ಹಾಗೆ ಬೆಳ್ಳಗಾಗಿ ಸುಲಿಯುತ್ತಿತ್ತು, ತುರಿಕೆ ಬೇರೆ. ಫಂಗಸ್ ಅಂತ ಡಾಕ್ಟರು ಕೊಟ್ಟ ಕ್ಲೋಟ್ರಿಮಜೋಲ್ ಮುಲಾಮಿನಿಂದ ವಾಸಿಯಾಯಿತು. ಮಳೆಗಾಲದಲ್ಲಿ ಮತ್ತೆ ಬಂತು. ಒಂದು ಬೆಳಿಗ್ಗೆ ಶೂ ಒಳಗೆ ಕೈ ಹಾಕಿ ನೋಡಿದರೆ, ಹಿಂದಿನ ದಿನದ ಬೆವರು ತುದಿಯಲ್ಲಿ ಇನ್ನೂ ಹಸಿ! ಫಂಗಸ್‌ಗೆ ಬೇಕಾದದ್ದು ಅದೇ ಅಲ್ವಾ?

ಇನ್ನೊಂದು ಜೊತೆ ಶೂ ತಂದೆ. ಇವತ್ತು ಹಾಕಿದ್ದನ್ನು ನಾಳೆ ಹಾಕುವುದಿಲ್ಲ. ಮನೆಗೆ ಬಂದ ಕೂಡಲೇ ಒಳಗಿನ ಸೋಲ್ ತೆಗೆದು, ಹಳೆ ಪೇಪರ್ ತುರುಕುತ್ತೇನೆ. ಮಲಗುವ ಮುಂಚೆ ಒದ್ದೆ ಪೇಪರ್ ತೆಗೆದು ಫ್ಯಾನಿನ ಕೆಳಗೆ ಇಡುತ್ತೇನೆ. ದಪ್ಪ ಕಾಟನ್ ಸಾಕ್ಸ್ ಬೆವರು ಹೀರಿ ಹಾಗೇ ಹಿಡಿದಿಡುತ್ತದೆ. ಈಗ ಬೇಗ ಒಣಗುವ ಸ್ಪೋರ್ಟ್ಸ್ ಸಾಕ್ಸ್, ಮಧ್ಯಾಹ್ನ ಊಟಕ್ಕೆ ಮುಂಚೆ ಇನ್ನೊಂದು ಜೊತೆ. ಸ್ನಾನವಾದ ಮೇಲೆ ಸಂದಿ ಪೂರ್ತಿ ಒರೆಸಿದ ಮೇಲೇ ಸಾಕ್ಸ್. ಈ ಮಳೆಗಾಲ ತುರಿಕೆ ಬರಲಿಲ್ಲ.