ಬಸ್ಸಿಗೆ ರಸ್ತೆಯ ಯಾವ ಬದಿಯಲ್ಲಿ ನಿಲ್ಲಬೇಕು? ನಾನು ನೋಡಿಕೊಳ್ಳುವ ರೀತಿ

ಯಂತ್ರಗಳ ರಿಪೇರಿ ನನ್ನ ಕೆಲಸ. ಎಲ್ಲಿಂದ ಕರೆ ಬರುತ್ತದೋ ಅಲ್ಲಿಗೆ ಹೋಗಬೇಕು. ಹಾಗಾಗಿ ಗೊತ್ತಿಲ್ಲದ ಊರಿನ ಗೊತ್ತಿಲ್ಲದ ರಸ್ತೆಯಲ್ಲಿ ಬಸ್ಸಿಗೆ ಕಾಯುವುದು ನನಗೆ ಮಾಮೂಲಿ. ಬಸ್ ನಂಬರ್ ಹುಡುಕುವುದು ಈಗ ಕಷ್ಟವಲ್ಲ, ಫೋನೇ ಹೇಳುತ್ತದೆ. ಆದರೆ ಈ ಬದಿಯೋ ಆ ಬದಿಯೋ ಅನ್ನುವುದನ್ನು ರಸ್ತೆ ಅಂಚಿನಲ್ಲಿ ನಿಂತು ನಾವೇ ತೀರ್ಮಾನಿಸಬೇಕು.

ಸುಲಭದ್ದನ್ನು ಮೊದಲು ಹೇಳಿಬಿಡುತ್ತೇನೆ. ರಸ್ತೆಗೆ ಮುಖ ಮಾಡಿ ನಿಂತುಕೊಳ್ಳಿ. ನಿಮಗೆ ತೀರಾ ಹತ್ತಿರದಲ್ಲಿ, ಕೈಗೆಟುಕುವಷ್ಟು ದೂರದಲ್ಲಿ ವಾಹನಗಳು ಎತ್ತ ಹೋಗುತ್ತಿವೆ ನೋಡಿ. ನಿಮ್ಮ ಬದಿಗೆ ಬಂದು ನಿಲ್ಲುವ ಬಸ್ಸೂ ಅತ್ತಲೇ ಹೋಗುತ್ತದೆ. ವಾಹನಗಳು ಎಡಕ್ಕೆ ಚಲಿಸುವ ದೇಶಗಳಲ್ಲಿ ಬಸ್ಸು ನಿಮ್ಮ ಬಲಗಡೆಯಿಂದ ಬಂದು ಎಡಗಡೆಗೆ ಹೋಗುತ್ತದೆ. ಅಂದರೆ ನೀವು ಹೋಗಬೇಕಾದ ದಿಕ್ಕು ನಿಮ್ಮ ಎಡಗೈ ಕಡೆ ಇರಬೇಕು. ಬಲಕ್ಕೆ ಚಲಿಸುವ ದೇಶಗಳಲ್ಲಿ ಇದೇ ಲೆಕ್ಕ ತಿರುಗುಮುರುಗು. ಬಸ್ಸಿನ ಬಾಗಿಲು ಯಾವ ಕಡೆ ಇರುತ್ತದೆ ಅನ್ನುವುದೂ ಇದರ ಜೊತೆಗೇ ಬದಲಾಗುತ್ತದೆ. 1967ರ ಸೆಪ್ಟೆಂಬರ್ 3ರಂದು ಸ್ವೀಡನ್ ದೇಶ ಎಡದಿಂದ ಬಲಕ್ಕೆ ಬದಲಾದಾಗ, ಬಾಗಿಲು ಎಡಕ್ಕಿದ್ದ ಬಸ್ಸುಗಳು ರಸ್ತೆ ಮಧ್ಯಕ್ಕೆ ಜನರನ್ನು ಇಳಿಸುವ ಹಾಗಾಗುತ್ತಿತ್ತು. ಅದಕ್ಕೇ ಬಲಗಡೆ ಬಾಗಿಲಿರುವ ಬಸ್ಸುಗಳನ್ನು ಸಿದ್ಧಮಾಡಿಕೊಳ್ಳಬೇಕಾಯಿತು.

ಎಡ ಬಲದ ಲೆಕ್ಕ ಬಾಯಿಪಾಠ ಮಾಡುವುದಕ್ಕಿಂತ ಹತ್ತಿರದ ವಾಹನ ನೋಡುವುದೇ ನನಗೆ ಇಷ್ಟ. ದೇಶ ಬದಲಾದರೂ ಅದು ಬದಲಾಗುವುದಿಲ್ಲ.

ಇಷ್ಟು ಎಲ್ಲರಿಗೂ ಗೊತ್ತಿರುವುದೇ, ಅಲ್ವಾ? ಆದರೂ ಜನ ಎದುರು ಬದಿಯಲ್ಲಿ ನಿಂತುಬಿಡುತ್ತಾರೆ. ಯಾಕೆಂದರೆ ಅವರು ಕೇಳಿಕೊಳ್ಳುವ ಪ್ರಶ್ನೆಯೇ ಬೇರೆ. ‘ನಾನು ಹೋಗಬೇಕಾದ ಜಾಗ ಎಲ್ಲಿದೆ?’ ಎಂದು ಕೇಳಿಕೊಳ್ಳುತ್ತಾರೆ. ಕೇಳಿಕೊಳ್ಳಬೇಕಾದ್ದು, ‘ಬಸ್ಸು ಈ ಸ್ಟಾಪ್ ಬಿಟ್ಟ ಮೇಲೆ ಮೊದಲು ಎತ್ತ ಹೋಗುತ್ತದೆ?’ ಎಂದು. ಎಷ್ಟೋ ಸಲ ಎರಡಕ್ಕೂ ಉತ್ತರ ಒಂದೇ ಆಗಿರುತ್ತದೆ. ಆಗದಿದ್ದಾಗಲೇ ತೊಂದರೆ.

ಒಂದು ಉದಾಹರಣೆ ಪೂರ್ತಿಯಾಗಿ ಹೇಳುತ್ತೇನೆ. ವಾಹನಗಳು ಎಡಕ್ಕೆ ಓಡುವ ಊರು. ಕೆಲಸ ಮುಗಿಸಿ ಕಾರ್ಖಾನೆ ಗೇಟಿನಿಂದ ಹೊರಗೆ ಬಂದೆ. ಎದುರಿಗೆ ಪೂರ್ವ ಪಶ್ಚಿಮವಾಗಿ ಹಾದುಹೋಗುವ ದೊಡ್ಡ ರಸ್ತೆ. ಗೇಟು ರಸ್ತೆಯ ಉತ್ತರ ಬದಿಯಲ್ಲಿತ್ತು. ನಾನು ದಕ್ಷಿಣಕ್ಕೆ ಮುಖ ಮಾಡಿ ನಿಂತಿದ್ದೆ, ಎಡಗೈಗೆ ಪೂರ್ವ, ಬಲಗೈಗೆ ಪಶ್ಚಿಮ. ನನ್ನ ಪಕ್ಕದಲ್ಲಿ ಹೋಗುತ್ತಿದ್ದ ವಾಹನಗಳೆಲ್ಲ ಪೂರ್ವಕ್ಕೆ. ಹೋಗಬೇಕಾಗಿದ್ದ ರೈಲು ನಿಲ್ದಾಣ ಮ್ಯಾಪಿನಲ್ಲಿ ನೈಋತ್ಯಕ್ಕೆ, ಅಂದರೆ ನನ್ನ ಮುಂದೆ ಬಲಕ್ಕೆ ಕಾಣುತ್ತಿತ್ತು. ಪಶ್ಚಿಮದ ಕಡೆ ತಾನೇ, ರಸ್ತೆ ದಾಟಿ ಆ ಬದಿಗೆ ಹೋಗಬೇಕು ಅಂತ ಯಾರಿಗಾದರೂ ಅನಿಸುತ್ತದೆ.

ನಾನು ದಾಟಲಿಲ್ಲ. ಮ್ಯಾಪನ್ನು ಸ್ವಲ್ಪ ದೊಡ್ಡದು ಮಾಡಿ ನೋಡಿದರೆ ರಸ್ತೆಗೂ ನಿಲ್ದಾಣಕ್ಕೂ ನಡುವೆ ಒಂದು ನದಿ. ಬಸ್ಸು ಹೋಗುವಂಥ ಸೇತುವೆ ಇದ್ದದ್ದು ಒಂದೇ, ಅದೂ ಪೂರ್ವದ ಕಡೆ. ಬಸ್ಸು ಪೂರ್ವಕ್ಕೆ ಹೋಗಿ, ಬಲಕ್ಕೆ ತಿರುಗಿ ಸೇತುವೆ ದಾಟಿ, ಆಚೆ ದಡದಲ್ಲಿ ಮತ್ತೆ ಬಲಕ್ಕೆ ತಿರುಗಿ ಪಶ್ಚಿಮಕ್ಕೆ ಬರಬೇಕು. ಹಾಗಾದರೆ ನನಗೆ ಬೇಕಾದ ದಿಕ್ಕು ನಿಲ್ದಾಣದ್ದಲ್ಲ, ಸೇತುವೆಯದು. ಸೇತುವೆ ಎಡಗೈಗೆ. ನಿಂತ ಬದಿಯೇ ಸರಿ.

ಇದು ಊಹೆ ಅಷ್ಟೇ, ಇನ್ನೂ ಖಾತ್ರಿ ಮಾಡಿಕೊಳ್ಳಬೇಕಿತ್ತು. ಬಸ್ ಆ್ಯಪ್‌ಗಳಲ್ಲಿ ಒಂದೇ ಹೆಸರಿನ ಸ್ಟಾಪ್‌ಗೆ ಸಾಮಾನ್ಯವಾಗಿ ಎರಡು ಚುಕ್ಕೆ ಇರುತ್ತವೆ, ರಸ್ತೆಯ ಒಂದೊಂದು ಬದಿಗೆ ಒಂದೊಂದು. ಚುಕ್ಕೆ ಯಾವ ಅಂಚಿನಲ್ಲಿ ಕೂತಿದೆ ಅನ್ನುವುದನ್ನು ನಾನು ಪೂರ್ತಿ ನಂಬುವುದಿಲ್ಲ. ಕೆಲವು ಕಡೆ ಅದು ರಸ್ತೆ ಮಧ್ಯದಲ್ಲೇ ಇರುತ್ತದೆ. ಅದರ ಬದಲು ಚುಕ್ಕೆಯನ್ನು ಒತ್ತಿ, ಬಸ್ಸಿನ ಮುಂದಿನ ಸ್ಟಾಪ್‌ಗಳ ಪಟ್ಟಿ ತೆರೆಯುತ್ತೇನೆ. ನನಗೆ ಬೇಕಾದ್ದು ತಕ್ಷಣದ ಮುಂದಿನ ಸ್ಟಾಪ್ ಒಂದೇ. ಅವತ್ತು ಪಟ್ಟಿಯಲ್ಲಿ ಮುಂದಿನದು ಸೇತುವೆ ಹತ್ತಿರದ ಸ್ಟಾಪ್ ಎಂದಿತ್ತು. ಊಹೆ ಸರಿಹೋಯಿತು.

ಫೋನಿನ ದಿಕ್ಸೂಚಿ ಬಗ್ಗೆ ಒಂದು ಮಾತು. ಮ್ಯಾಪಿನ ನೀಲಿ ಚುಕ್ಕೆಯಿಂದ ಹೊರಡುವ ಬೆಳಕಿನ ಕೋನ ನಾವು ಯಾವ ಕಡೆ ನೋಡುತ್ತಿದ್ದೇವೆ ಎಂದು ತೋರಿಸುತ್ತದೆ. ಅದು ಕಾಂತದ ಆಧಾರದ ಮೇಲೆ ಕೆಲಸ ಮಾಡುವುದರಿಂದ ಕಬ್ಬಿಣದ ಶೆಲ್ಟರ್, ದೊಡ್ಡ ಗೇಟು, ನಿಂತ ಲಾರಿ ಇವುಗಳ ಪಕ್ಕದಲ್ಲಿ ಸುಳ್ಳು ಹೇಳಬಹುದು. ಬಸ್ ಸ್ಟಾಪಿನಲ್ಲಿ ಕಬ್ಬಿಣಕ್ಕೆ ಬರವಿಲ್ಲ. ಹಾಗಾಗಿ ನಾನು ರಸ್ತೆ ಗುಂಟ ಸ್ವಲ್ಪ ದೂರ ನಡೆದು, ಚುಕ್ಕೆ ಮ್ಯಾಪಿನಲ್ಲಿ ಎತ್ತ ಸರಿಯಿತು ಎಂದು ನೋಡುತ್ತೇನೆ. ನೆಲದಡಿಯ ದಾರಿಯಿಂದ ಮೇಲೆ ಬಂದಾಗಲಂತೂ ಇದು ಬೇಕೇ ಬೇಕು. ಮೆಟ್ಟಿಲು ಒಂದೆರಡು ಸಲ ತಿರುಗಿದರೆ ಸಾಕು, ತಲೆಯೊಳಗಿನ ದಿಕ್ಕು ಕೆಟ್ಟುಹೋಗಿರುತ್ತದೆ.

ಫೋನಿಲ್ಲದಿದ್ದರೆ ಜನರನ್ನು ಕೇಳಬೇಕು. ಕೇಳುವ ರೀತಿಯಲ್ಲೇ ಅರ್ಧ ಉತ್ತರ ಇರುತ್ತದೆ. ‘ಸ್ಟೇಷನ್ ಬಸ್ಸು ಇಲ್ಲೇ ಬರುತ್ತಾ?’ ಎಂದರೆ ಹೌದು ಅನ್ನುತ್ತಾರೆ. ಅದು ತಪ್ಪೂ ಅಲ್ಲ. ಆ ನಂಬರಿನ ಬಸ್ಸು ಆ ರಸ್ತೆಯಲ್ಲಿ ಎರಡೂ ಕಡೆಗೆ ಓಡಾಡುತ್ತದೆ, ಅವರಿಗೆ ‘ಇಲ್ಲೇ’ ಅಂದರೆ ಇಡೀ ಸ್ಟಾಪ್. ಕೈ ತೋರಿಸಿ ಕೇಳಿದರೆ ಇನ್ನೂ ಕೆಟ್ಟದ್ದು, ನಾವು ತೋರಿಸಿದ ಕಡೆಗೇ ತಲೆಯಾಡಿಸುತ್ತಾರೆ. ನಾನು ಹೀಗೆ ಕೇಳುತ್ತೇನೆ: ‘ಅಣ್ಣ, ಸ್ಟೇಷನ್‌ಗೆ ಹೋಗಬೇಕು. ಈ ಬದಿ ನಿಲ್ಲಬೇಕಾ, ಆ ಬದಿ ನಿಲ್ಲಬೇಕಾ?’ ಇದಕ್ಕೆ ಹೌದು ಅಂತ ಉತ್ತರ ಕೊಡುವುದಕ್ಕೇ ಆಗುವುದಿಲ್ಲ, ಯೋಚಿಸಿ ಒಂದು ಬದಿ ಹೇಳಲೇಬೇಕು. ಸ್ಟಾಪಿನಲ್ಲಿ ಕಾಯುತ್ತಿರುವವರಿಗಿಂತ ಅಲ್ಲೇ ದಿನಾ ಇರುವವರನ್ನು, ಅಂಗಡಿಯವರನ್ನೋ ಕಾವಲುಗಾರರನ್ನೋ ಕೇಳುವುದು ಒಳ್ಳೆಯದು. ಕಾಯುತ್ತಿರುವವರಿಗೆ ತಮ್ಮ ಬಸ್ಸು ಬಿಟ್ಟರೆ ಬೇರೆಯದು ಗೊತ್ತಿರಬೇಕೆಂದೇನಿಲ್ಲ.

ನಾಲ್ಕು ರಸ್ತೆ ಸೇರುವ ಕಡೆ ಇನ್ನೊಂದು ತೊಡಕಿದೆ. ಒಂದೇ ಹೆಸರಿನಲ್ಲಿ ಹಲವು ಸ್ಟಾಪ್‌ಗಳು ಸುತ್ತ ಹರಡಿಕೊಂಡಿರುತ್ತವೆ. ಕೆಲವು ಜಂಕ್ಷನ್ನಿಗೆ ಮುಂಚೆ, ಕೆಲವು ದಾಟಿದ ಮೇಲೆ. ಜಂಕ್ಷನ್ನಿಗೆ ಮುಂಚಿನ ಸ್ಟಾಪ್‌ನಲ್ಲಿ ಬಸ್ಸು ಆಮೇಲೆ ಎಡಕ್ಕೆ ತಿರುಗುತ್ತೋ, ನೇರ ಹೋಗುತ್ತೋ ಅನ್ನುವುದು ನಿಂತ ಜಾಗದಿಂದ ತಿಳಿಯುವುದಿಲ್ಲ. ಅಲ್ಲಿ ನಿಲ್ಲುವುದಾದರೆ ಬಸ್ಸು ಎಲ್ಲಿಂದ ಬರುತ್ತದೆ ಎಂದು ಗೊತ್ತಿರಬೇಕು. ದಾಟಿದ ಮೇಲಿನ ಸ್ಟಾಪ್‌ನಲ್ಲಿ ಹಾಗಲ್ಲ, ಬಸ್ಸು ಆಗಲೇ ತಿರುಗಿ ಆಗಿರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಿದ್ದರೆ ಸಾಕು. ಹೊಸ ಜಾಗದಲ್ಲಿ ಎರಡೂ ಇದ್ದರೆ ನಾನು ದಾಟಿದ ಮೇಲಿನದನ್ನೇ ಹಿಡಿಯುತ್ತೇನೆ.

ಒನ್ ವೇ ರಸ್ತೆಯಲ್ಲಿ ಹತ್ತಿರದ ವಾಹನದ ಉಪಾಯ ಅರ್ಧ ಮಾತ್ರ ಕೆಲಸಕ್ಕೆ ಬರುತ್ತದೆ. ಎರಡೂ ಅಂಚಿನಲ್ಲಿ ವಾಹನಗಳು ಒಂದೇ ಕಡೆ ಹೋಗುತ್ತಿದ್ದರೆ, ಎದುರು ದಿಕ್ಕಿನ ಬಸ್ಸಿಗೆ ರಸ್ತೆ ದಾಟಿ ಪ್ರಯೋಜನವಿಲ್ಲ. ಅದು ಬಹುಶಃ ಪಕ್ಕದ ಇನ್ನೊಂದು ರಸ್ತೆಯಲ್ಲಿ ಬರುತ್ತಿರುತ್ತದೆ. ಬೆಳಿಗ್ಗೆ ಇಳಿದ ಸ್ಟಾಪಿನ ಎದುರಿಗೆ ಸಂಜೆಯ ಸ್ಟಾಪ್ ಕಾಣಿಸದಿದ್ದರೆ ನನಗೆ ಮೊದಲು ಬರುವ ಅನುಮಾನ ಇದೇ. ಕೆಲವು ಊರುಗಳಲ್ಲಿ ಒನ್ ವೇಗೆ ವಿರುದ್ಧವಾಗಿ ಬಸ್ಸಿಗೆ ಮಾತ್ರ ಒಂದು ಲೇನ್ ಬಿಟ್ಟಿರುತ್ತಾರೆ, ಅದಕ್ಕೆ ನೆಲದ ಮೇಲಿನ ಬಾಣ ಮತ್ತು ಬರಹ ನೋಡಬೇಕು. ರಸ್ತೆ ಮಧ್ಯದಲ್ಲೇ ಬಸ್ ನಿಲ್ದಾಣ ಕಟ್ಟಿರುವ ಕಡೆ ಬದಿಯ ಪ್ರಶ್ನೆ ರಸ್ತೆಯದಲ್ಲ, ಒಳಗಿನ ಪ್ಲಾಟ್‌ಫಾರ್ಮಿನದು.

ಸುತ್ತು ಹೊಡೆಯುವ ಬಸ್ಸುಗಳಿಗೆ ಯಾವ ಬದಿಯಲ್ಲಿ ನಿಂತರೂ ಕೊನೆಗೆ ತಲುಪಬಹುದು. ಒಂದು ಬದಿಯಿಂದ ಬೇಗ, ಇನ್ನೊಂದರಿಂದ ಊರೆಲ್ಲ ಸುತ್ತಿ. ವಾಹನಗಳು ಎಡಕ್ಕೆ ಓಡುವ ಕಡೆ, ಗಡಿಯಾರದ ಮುಳ್ಳಿನಂತೆ ಸುತ್ತುವ ಬಸ್ಸು ವರ್ತುಲ ರಸ್ತೆಯ ಹೊರ ಅಂಚಿನಲ್ಲಿ ನಿಲ್ಲುತ್ತದೆ, ಎದುರು ಸುತ್ತಿನದು ಒಳ ಅಂಚಿನಲ್ಲಿ. ಬೇಗ ತಲುಪುವ ಸುತ್ತು ಯಾವುದು ಎಂದು ಮ್ಯಾಪ್ ನೋಡಿ ಅದಕ್ಕೆ ತಕ್ಕಂತೆ ನಿಲ್ಲುತ್ತೇನೆ.

ಬದಿ ಸರಿಯಾಗಿದ್ದರೂ ಬೋರ್ಡು ಓದದೆ ನಾನು ಹತ್ತುವುದಿಲ್ಲ. ನಂಬರ್ ಎರಡೂ ದಿಕ್ಕಿಗೆ ಒಂದೇ ಇರುತ್ತದೆ, ಬೋರ್ಡಿನಲ್ಲಿ ಬದಲಾಗುವುದು ಕೊನೆಯ ಸ್ಟಾಪಿನ ಹೆಸರು. ನಾವು ಇಳಿಯುವ ಜಾಗ ದಾರಿ ನಡುವೆ ಇದ್ದರೆ ಅದರ ಹೆಸರು ಬೋರ್ಡಿನಲ್ಲಿ ಇರುವುದೇ ಇಲ್ಲ. ಅದಕ್ಕೇ ಹೊರಡುವ ಮುಂಚೆಯೇ ಆ ಬಸ್ಸಿನ ಎರಡೂ ತುದಿಗಳ ಹೆಸರು ನೋಡಿಟ್ಟುಕೊಳ್ಳುತ್ತೇನೆ. ನಮ್ಮ ಜಾಗ ಯಾವ ತುದಿಯ ಕಡೆಗಿದೆಯೋ ಆ ಹೆಸರಿನ ಬಸ್ಸು ನಮ್ಮದು. ತುದಿ ಮುಟ್ಟಿ ವಾಪಸ್ ಹೊರಟ ಮೇಲೂ ಕೆಲವು ಬಸ್ಸುಗಳು ಹಳೆಯ ಬೋರ್ಡನ್ನೇ ಹಾಕಿಕೊಂಡಿರುತ್ತವೆ. ಬದಿ ಒಂದು ಹೇಳಿ ಬೋರ್ಡು ಇನ್ನೊಂದು ಹೇಳಿದರೆ ನಾನು ಬದಿಯನ್ನು ನಂಬುತ್ತೇನೆ, ಆದರೂ ಮೆಟ್ಟಿಲ ಮೇಲೆ ನಿಂತೇ ಡ್ರೈವರನ್ನೋ ಕಂಡಕ್ಟರನ್ನೋ ಕೇಳುತ್ತೇನೆ. ಅವತ್ತು ಬಂದ ಬಸ್ಸಿನ ಬೋರ್ಡಿನಲ್ಲಿ ಸ್ಟೇಷನ್ನಿನ ಹೆಸರಿರಲಿಲ್ಲ, ಅದರಾಚೆಯ ಒಂದು ಬಡಾವಣೆಯ ಹೆಸರಿತ್ತು. ತುದಿಯ ಹೆಸರು ನೋಡಿಟ್ಟುಕೊಂಡಿದ್ದರಿಂದ ಕೇಳುವ ಮೊದಲೇ ಗೊತ್ತಾಯಿತು. ಆದರೂ ಕೇಳಿದೆ. ‘ಸೇತುವೆ ದಾಟಿ ಹೋಗುತ್ತೆ ಸಾರ್, ಹತ್ತಿ’ ಎಂದರು ಕಂಡಕ್ಟರು.

ಹತ್ತಿದ ಮೇಲೆ ಮೊದಲ ಸ್ಟಾಪಿನವರೆಗೆ ನಾನು ಸೀಟು ಹುಡುಕುವುದಿಲ್ಲ, ಕಿಟಕಿಯಾಚೆ ನೋಡುತ್ತಿರುತ್ತೇನೆ. ಮುಂದಿನ ಸ್ಟಾಪ್ ಪಟ್ಟಿಯಲ್ಲಿದ್ದದ್ದೇ ಬಂದರೆ ಕೂರುವುದು. ಬೇರೆ ಬಂದರೆ ಅಲ್ಲೇ ಇಳಿದು ಎದುರಿನ ಸ್ಟಾಪಿಗೆ ಹೋಗುವುದು. ಆಗ ಕಳೆದುಕೊಳ್ಳುವುದು ಒಂದು ಸ್ಟಾಪಿನ ದೂರ ಮತ್ತು ಮುಂದಿನ ಬಸ್ಸಿನ ಕಾಯುವಿಕೆ. ಬಸ್ಸು ಅಪರೂಪಕ್ಕೆ ಓಡುವ ಕಡೆ, ರಾತ್ರಿಯ ಕೊನೆಯ ಬಸ್ಸಿಗೆ ಈ ಧೈರ್ಯ ನಡೆಯುವುದಿಲ್ಲ. ಅಂಥಲ್ಲಿ ನಾನು ಮೊದಲೇ ಬಂದು ನಿಂತು, ಅದೇ ನಂಬರಿನ ಇನ್ನೊಂದು ಬಸ್ಸು ಯಾವ ಬದಿಯಲ್ಲಿ ಯಾವ ಬೋರ್ಡು ಹಾಕಿಕೊಂಡು ಹೋಗುತ್ತದೆ ಎಂದು ಕಣ್ಣಾರೆ ನೋಡಿಕೊಳ್ಳುತ್ತೇನೆ.