ಪ್ರಮಾಣಪತ್ರದ ದಾಖಲೆಯಲ್ಲಿ ಸಿಕ್ಕ ಹಳೆಯ ಸರ್ವರ್

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಬಿಡಿಭಾಗ ತಯಾರಿಕಾ ಕಂಪನಿ, ಪೆನೆಟ್ರೇಷನ್ ಟೆಸ್ಟ್, ಅಂದರೆ ದಾಳಿಕೋರನಂತೆ ಪ್ರಯತ್ನಿಸಿ ಭದ್ರತೆಯ ಲೋಪ ಹುಡುಕುವ ಪರೀಕ್ಷೆ, ನಡೆಸಲು ನನಗೆ ಲಿಖಿತ ಅನುಮತಿ ನೀಡಿತ್ತು. ಜಾಲತಾಣದ ವಿಳಾಸವೊಂದನ್ನು ಬಿಟ್ಟು ಬೇರೇನನ್ನೂ ನಾನು ಕೇಳಲಿಲ್ಲ. ಹೊರಗೆ ನಿಂತವನಿಗೆ ಏನೆಲ್ಲ ಕಾಣುತ್ತದೆ ಎಂಬುದೇ ಮೊದಲು ತಿಳಿಯಬೇಕಿತ್ತು.

ನಾನು ಸಾಮಾನ್ಯವಾಗಿ ಸರ್ಟಿಫಿಕೇಟ್ ಟ್ರಾನ್ಸ್‌ಪರೆನ್ಸಿ ದಾಖಲೆಗಳಿಂದ ಆರಂಭಿಸುತ್ತೇನೆ. ಜಾಲತಾಣ ಅಸಲಿಯೇ ಎಂದು ಬ್ರೌಸರ್‌ಗೆ ತೋರಿಸುವ ಪ್ರಮಾಣಪತ್ರಗಳ ಬಹಿರಂಗ ಪಟ್ಟಿ ಇದು. 2018ರ ಏಪ್ರಿಲ್ 30ರ ನಂತರ ಬ್ರೌಸರ್‌ಗಳು ನಂಬುವ ಪ್ರಮಾಣಪತ್ರ ಸಂಸ್ಥೆಗಳು ನೀಡಿದ ಯಾವುದೇ ಪ್ರಮಾಣಪತ್ರವನ್ನು ಕ್ರೋಮ್ ನಂಬಬೇಕಾದರೆ, ಅದು ಎಲ್ಲರಿಗೂ ತೆರೆದಿರುವ ದಾಖಲೆಗೆ ಸೇರಿರಬೇಕು. ಹಾಗಾಗಿ crt.sh ತಾಣದಲ್ಲಿ `%.example.com` ಎಂಬ ಮಾದರಿಯಲ್ಲಿ ಹುಡುಕಿದರೆ, ಆ ಕಂಪನಿ ಪ್ರಮಾಣಪತ್ರ ಪಡೆದ ಉಪವಿಳಾಸಗಳು ಸಾಲಾಗಿ ಬರುತ್ತವೆ. ಕಂಪನಿಯ ಸರ್ವರ್ ಅನ್ನು ನಾನು ಮುಟ್ಟಿಯೇ ಇರುವುದಿಲ್ಲ. ಆದ್ದರಿಂದ ಅವರ ಲಾಗ್‌ನಲ್ಲಿ ಈ ಹುಡುಕಾಟದ ಸುಳಿವೂ ಉಳಿಯುವುದಿಲ್ಲ.

ಪಟ್ಟಿಯಲ್ಲಿ ಮೇಲ್, ಜಾಲತಾಣ ಎಲ್ಲವೂ ನಿರೀಕ್ಷಿಸಿದಂತೆಯೇ ಇದ್ದವು. ನನ್ನ ಕಣ್ಣು ನಿಂತದ್ದು `vpn-old` ಎಂದು ಶುರುವಾಗುವ ಹೆಸರಿನ ಮೇಲೆ. ವಿಪಿಎನ್ ಎಂದರೆ ಸಿಬ್ಬಂದಿ ಹೊರಗಿನಿಂದ ಕಂಪನಿಯ ಒಳಜಾಲಕ್ಕೆ ಸೇರುವ ದಾರಿ. ದಾಖಲೆಯಲ್ಲಿ ಹೆಸರಿದ್ದ ಮಾತ್ರಕ್ಕೆ ಸರ್ವರ್ ಇನ್ನೂ ಇದೆ ಎಂದು ಅರ್ಥವಲ್ಲ, ಬಹಳಷ್ಟು ಹೆಸರುಗಳು ಎಂದೋ ಸತ್ತಿರುತ್ತವೆ. ಹೆಸರುಗಳನ್ನು ಐಪಿ ವಿಳಾಸಗಳಿಗೆ ಜೋಡಿಸುವ ಡಿಎನ್‌ಎಸ್‌ನಲ್ಲಿ ನೋಡಿದಾಗ ಇದಕ್ಕೆ ಐಪಿ ವಿಳಾಸ ಸಿಕ್ಕಿತು. ಆದರೂ ಮುಂದುವರಿಯಲಿಲ್ಲ. ಆ ವಿಳಾಸ ಈಗ ಬೇರೆ ಯಾರದೋ ಆಗಿದ್ದರೆ, ನನ್ನ ಕೈಯಲ್ಲಿರುವ ಅನುಮತಿ ಅದಕ್ಕೆ ಅನ್ವಯಿಸುವುದಿಲ್ಲ. ಮಾಲೀಕರ ಒಪ್ಪಿಗೆಯಿಲ್ಲದೆ ಕಂಪ್ಯೂಟರ್ ಪ್ರವೇಶಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಪ್ರಕಾರ ಕಾನೂನುಬಾಹಿರ. ಕಂಪನಿಯಿಂದ ಖಚಿತಪಡಿಸಿಕೊಂಡು, ಅದನ್ನು ಪರೀಕ್ಷೆಯ ವ್ಯಾಪ್ತಿಗೆ ಬರಹದಲ್ಲಿ ಸೇರಿಸಿಕೊಂಡೆ.

ಬಳಿಕ ಅವರ ತಾಣದಲ್ಲಿದ್ದ ಉತ್ಪನ್ನ ಪಟ್ಟಿಯ ಪಿಡಿಎಫ್ ಅನ್ನು ಇಳಿಸಿಕೊಂಡು, ಕಡತದೊಳಗೆ ಅಡಗಿರುವ ವಿವರಗಳನ್ನು ನೋಡಲು ಈ ಆದೇಶ ಕೊಟ್ಟೆ.

```
exiftool -Author -Creator -Producer catalogue.pdf
```

`Author` ಎದುರು ಸಿಬ್ಬಂದಿಯೊಬ್ಬರ ಲಾಗಿನ್ ಹೆಸರಿತ್ತು: ಹೆಸರಿನ ಮೊದಲ ಅಕ್ಷರ, ಅದಕ್ಕೆ ಅಂಟಿದಂತೆ ಮನೆತನದ ಹೆಸರು. ಆ ಒಂದು ಮಾದರಿ ಗೊತ್ತಾದರೆ, ಉದ್ಯೋಗ ಜಾಲತಾಣಗಳಲ್ಲಿ ಕಾಣುವ ಸಿಬ್ಬಂದಿಯ ಹೆಸರುಗಳಿಂದ ಉಳಿದವರ ಲಾಗಿನ್‌ಗಳನ್ನೂ ಊಹಿಸಬಹುದು. ನೆಟ್‌ವರ್ಕ್ ನಿರ್ವಾಹಕರ ಹುದ್ದೆಯ ಜಾಹೀರಾತು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ವಿಪಿಎನ್ ಉಪಕರಣದ ತಯಾರಕರು ಮತ್ತು ಅದರ ಆವೃತ್ತಿಯನ್ನೇ ಹೇಳಿತ್ತು. ಮೂರನ್ನೂ ಒಟ್ಟಿಗಿಟ್ಟು ನೋಡಿದಾಗ ನನಗೆ ನಿಜಕ್ಕೂ ಆತಂಕವಾಯಿತು: ಬಾಗಿಲು ಯಾವುದು, ಬೀಗ ಯಾರ ತಯಾರಿಕೆ, ಬೀಗದ ಕೈ ಯಾರ ಬಳಿ ಇದೆ ಎಂಬುದೆಲ್ಲ ದಾಳಿಕೋರನಿಗೆ ಮನೆಯಲ್ಲೇ ಕುಳಿತು ತಿಳಿಯುತ್ತಿತ್ತು. ಪರೀಕ್ಷೆಯಲ್ಲಿ ಹಳೆಯ ವಿಪಿಎನ್ ಬರೀ ಪಾಸ್‌ವರ್ಡ್ ಕೇಳುತ್ತಿರುವುದು ಕಂಡಿತು. ಹೊಸದಕ್ಕೆ ಹಾಕಿದ್ದ ಎರಡನೇ ಹಂತದ ದೃಢೀಕರಣ ಅದಕ್ಕಿರಲಿಲ್ಲ.

ಕಂಪನಿಯವರು ಮೊದಲು ಕೇಳಿದ್ದು ಆ ಹೆಸರನ್ನು ದಾಖಲೆಯಿಂದ ಅಳಿಸಬಹುದೇ ಎಂದು. ಸಾಧ್ಯವಿಲ್ಲ, ಆ ದಾಖಲೆಗೆ ಸೇರಿಸಲಷ್ಟೇ ಬರುತ್ತದೆ, ತೆಗೆಯಲು ಬರುವುದಿಲ್ಲ. ಅದಕ್ಕಾಗಿ ಹಳೆಯ ವಿಪಿಎನ್ ಅನ್ನೇ ಮುಚ್ಚಿಸಿದೆ. ಪರೀಕ್ಷಾರ್ಥ ಸರ್ವರ್‌ಗಳಿಗೆ ಒಂದೊಂದಾಗಿ ಪ್ರಮಾಣಪತ್ರ ಪಡೆಯುವ ಬದಲು `*.example.com` ಮಾದರಿಯ ಒಂದನ್ನೇ ಬಳಸಿದರೆ ಅವುಗಳ ಹೆಸರು ಹೊರಬೀಳುವುದಿಲ್ಲ. ಆದರೆ ಅದರ ಖಾಸಗಿ ಕೀ ಒಂದು ಸರ್ವರ್‌ನಿಂದ ಸೋರಿದರೂ ಎಲ್ಲಕ್ಕೂ ಅಪಾಯ ತಟ್ಟುತ್ತದೆ. ಆದ್ದರಿಂದ ಒಳಗಿನ ಬಳಕೆಯ ಸರ್ವರ್‌ಗಳಿಗೆ ಕಂಪನಿಯದೇ ಆಂತರಿಕ ಪ್ರಮಾಣಪತ್ರ ವ್ಯವಸ್ಥೆ ಇರಲಿ ಎಂದು ವರದಿಯಲ್ಲಿ ಬರೆದೆ.